ಕಂಟೆಂಟ್ ಕೆಲಸ ಯಾರ ಕೈಗೆ: ನೌಕರ, ಫ್ರೀಲಾನ್ಸರ್ ಅಥವಾ ಏಜೆನ್ಸಿ

ಸರಕನ್ನು ನೇರವಾಗಿ ಹೊಗಳುವುದು ಜಾಹೀರಾತು. ಆ ಸರಕು ಕೊಳ್ಳುವ ಮುನ್ನ ಗಿರಾಕಿಗೆ ಬೇಕಾಗುವ ತಿಳಿವಳಿಕೆಯನ್ನು ಬರಹ, ಚಿತ್ರ, ವಿಡಿಯೊಗಳಲ್ಲಿ ಕೊಟ್ಟು ಅವನ ನಂಬಿಕೆ ಗಳಿಸುವುದು ಕಂಟೆಂಟ್ ಮಾರ್ಕೆಟಿಂಗ್. ಹೆಸರು ಹೊಸದಾದರೂ ಕೆಲಸ ಹಳೆಯದು. ಅಮೆರಿಕದ ಕೃಷಿ ಯಂತ್ರಗಳ ಕಂಪನಿ ಜಾನ್ ಡೀರ್ 1895ರಲ್ಲೇ ರೈತರಿಗಾಗಿ ‘ದ ಫರೋ’ ಎಂಬ ಪತ್ರಿಕೆ ಆರಂಭಿಸಿತ್ತು. ಇವತ್ತು ಅದೇ ಕೆಲಸ ವೆಬ್‌ಸೈಟು, ಯೂಟ್ಯೂಬ್, ವಾಟ್ಸ್ಆ್ಯಪ್‌ಗಳಲ್ಲಿ ನಡೆಯುತ್ತದೆ. ಇಪ್ಪತ್ತು ಮೂವತ್ತು ಜನರ ಸಂಸ್ಥೆಗಳೂ ಅದಕ್ಕೆ ಇಳಿಯುತ್ತಿವೆ. ಇಳಿದ ಕೂಡಲೇ ಎದುರಾಗುವ ಪ್ರಶ್ನೆ, ಈ ಕೆಲಸಕ್ಕೆ ಸಂಬಳದ ನೌಕರನನ್ನು ಇಟ್ಟುಕೊಳ್ಳಬೇಕೇ, ಫ್ರೀಲಾನ್ಸರ್‌ಗೆ ಕೊಡಬೇಕೇ, ಏಜೆನ್ಸಿಗೆ ವಹಿಸಬೇಕೇ ಎಂಬುದು.

ಸಾಮಾನ್ಯವಾಗಿ ಮಾಲೀಕರು ಮೂರು ಕಡೆಯಿಂದ ಬೆಲೆ ಕೇಳಿ ಹೋಲಿಸುತ್ತಾರೆ. ಆದರೆ ಮೂವರೂ ಮಾರುತ್ತಿರುವುದು ಒಂದೇ ವಸ್ತುವಲ್ಲವಾದ್ದರಿಂದ ಆ ಹೋಲಿಕೆ ದಾರಿ ತಪ್ಪಿಸುತ್ತದೆ. ಮೊದಲು ಕೆಲಸವನ್ನು ಬಿಡಿಸಿ ನೋಡಬೇಕು. ಒಂದು ಲೇಖನ ಹೊರಬರುವ ಮುನ್ನ ಯಾವ ವಿಷಯ ಬರೆಯಬೇಕೆಂದು ಗೊತ್ತುಮಾಡಬೇಕು. ಆ ವಿಷಯ ಬಲ್ಲ ಎಂಜಿನಿಯರನ್ನೋ ಫೋರ್‌ಮನ್ನನ್ನೋ ಕೂರಿಸಿಕೊಂಡು ಅವರ ತಲೆಯಲ್ಲಿರುವುದನ್ನು ಹೊರತೆಗೆಯಬೇಕು. ಆಮೇಲೆ ಬರೆಯುವುದು, ತಪ್ಪಿದೆಯೇ ಎಂದು ಬಲ್ಲವರಿಗೆ ತೋರಿಸುವುದು, ಚಿತ್ರ ಸೇರಿಸಿ ಪ್ರಕಟಿಸುವುದು. ಕಡೆಗೆ ಅದನ್ನು ಓದಿದವರಲ್ಲಿ ಯಾರಾದರೂ ಫೋನ್ ಮಾಡಿದರೇ ಎಂದು ಲೆಕ್ಕ ಇಡುವುದು. ಇವುಗಳಲ್ಲಿ ಬರೆಯುವ ಕೆಲಸವನ್ನು ಹೊರಗಿನಿಂದ ಕೊಳ್ಳುವುದು ಸುಲಭ. ಎಂಜಿನಿಯರ್ ತಲೆಯಲ್ಲಿರುವುದನ್ನು ಹೊರತೆಗೆಯುವ ಕೆಲಸವೇ ಎಲ್ಲಕ್ಕಿಂತ ಕಷ್ಟ, ಸಣ್ಣ ಸಂಸ್ಥೆಯ ಕಂಟೆಂಟ್ ಸಾಮಾನ್ಯವಾಗಿ ನಿಂತುಹೋಗುವುದೂ ಅಲ್ಲೇ. ಮೂವರಲ್ಲಿ ಯಾರನ್ನು ಆರಿಸಿದರೂ ಈ ಹಂತ ತಪ್ಪುವುದಿಲ್ಲ. ಅದನ್ನು ಯಾರು ಎಷ್ಟು ಚೆನ್ನಾಗಿ ಮಾಡಬಲ್ಲರು ಎಂಬುದರ ಮೇಲೆಯೇ ಆಯ್ಕೆ ನಿಲ್ಲಬೇಕು.

ಒಂದು ಉದಾಹರಣೆ ಇಟ್ಟುಕೊಂಡು ಮುಂದುವರಿಯಬಹುದು. ತುಮಕೂರಿನ ವಸಂತನರಸಾಪುರದಂಥ ಕೈಗಾರಿಕಾ ಪ್ರದೇಶದಲ್ಲಿ ಕೊಬ್ಬರಿ ಒಣಗಿಸುವ ಡ್ರೈಯರ್ ಮತ್ತು ಎಣ್ಣೆ ತೆಗೆಯುವ ಯಂತ್ರ ತಯಾರಿಸುವ 25 ಜನರ ಘಟಕವೊಂದಿದೆ ಎಂದುಕೊಳ್ಳೋಣ. ಗಿರಾಕಿಗಳು ತೆಂಗು ಬೆಳೆಗಾರರು, ರೈತ ಉತ್ಪಾದಕರ ಕಂಪನಿಗಳು, ಊರಿನಲ್ಲೇ ಎಣ್ಣೆ ಘಟಕ ತೆರೆಯಲು ಹೊರಟ ಯುವಕರು. ಇವರೆಲ್ಲ ಫೋನಿನಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಒಂದೇ. ದಿನಕ್ಕೆ ಎಷ್ಟು ಕಾಯಿ ಇದ್ದರೆ ಯಂತ್ರ ಗಿಟ್ಟುತ್ತದೆ, ಸಿಂಗಲ್ ಫೇಸ್ ವಿದ್ಯುತ್ ಸಾಕೇ, ಒಣಗಲು ಎಷ್ಟು ಹೊತ್ತು ಬೇಕು, ಚಿಪ್ಪು ಉರಿಸಿ ಬಿಸಿ ಪಡೆಯಬಹುದೇ, ಸಹಾಯಧನಕ್ಕೆ ಯಾವ ಕಾಗದ ಬೇಕು. ಮಾರಾಟ ವಿಭಾಗದ ಇಬ್ಬರು ದಿನವಿಡೀ ಇದಕ್ಕೇ ಉತ್ತರಿಸುತ್ತಿರುತ್ತಾರೆ. ಈ ಘಟಕಕ್ಕೆ ಬೇಕಾದ ಕಂಟೆಂಟ್ ಎಂದರೆ ಈ ಪ್ರಶ್ನೆಗಳಿಗೆ ಕನ್ನಡದಲ್ಲಿ ಸರಿಯಾದ, ಪೂರ್ತಿಯಾದ ಉತ್ತರ.

ಇಲ್ಲಿ ಹೊರಗಿನ ಬರಹಗಾರ ಹೇಗೆ ಎಡವುತ್ತಾನೆ ಎಂಬುದಕ್ಕೆ ಒಂದು ನಿದರ್ಶನ ಸಾಕು. ತಿಪಟೂರಿನ ಮಾರುಕಟ್ಟೆಗೆ ಹೆಸರು ತಂದ ಉಂಡೆ ಕೊಬ್ಬರಿ ಡ್ರೈಯರಿನಲ್ಲಿ ಆಗುವಂಥದ್ದಲ್ಲ. ಬಲಿತ ಕಾಯಿಯನ್ನು ಸುಲಿಯದೆ ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಇಟ್ಟು, ಒಳಗಿನ ನೀರು ಆರಿ ತಿರುಳು ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆ ಒಡೆದು ತೆಗೆಯುವುದು ಅದು. ಡ್ರೈಯರ್ ಬೇಕಾಗುವುದು ಕಾಯಿ ಒಡೆದು ಹೋಳು ಮಾಡಿ ಒಣಗಿಸುವ, ಎಣ್ಣೆಗೆ ಹೋಗುವ ಕೊಬ್ಬರಿಗೆ. ಹಸಿ ತಿರುಳಿನ ಅರ್ಧದಷ್ಟು ತೂಕ ನೀರೇ ಆಗಿರುತ್ತದೆ, ಅದನ್ನು ಶೇ 6ರ ಆಸುಪಾಸಿಗೆ ಇಳಿಸಬೇಕು. ಬಿಸಿ ಅತಿಯಾದರೆ ಹೊರಮೈ ಕಂದಾಗಿ ಬಿಗಿದು ಒಳಗೆ ತೇವ ಉಳಿಯುತ್ತದೆ. ಇದು ತಿಳಿಯದ ಯಾರೋ ಇಂಟರ್ನೆಟ್ಟಿನಿಂದ ಹೆಕ್ಕಿ ‘ನಮ್ಮ ಡ್ರೈಯರಿನಲ್ಲಿ ಉತ್ತಮ ಉಂಡೆ ಕೊಬ್ಬರಿ ತಯಾರಿಸಿ’ ಎಂದು ಬರೆದರೆ, ಓದಿದ ಬೆಳೆಗಾರ ಆ ಸಂಸ್ಥೆಗೆ ತೆಂಗೇ ಗೊತ್ತಿಲ್ಲ ಎಂದುಕೊಳ್ಳುತ್ತಾನೆ. ಭಾಷೆ ಎಷ್ಟೇ ಸೊಗಸಾಗಿದ್ದರೂ ಆ ಲೇಖನದಿಂದ ನಷ್ಟವೇ.

ಈಗ ಕೆಲಸದ ಗಾತ್ರ. ತಿಂಗಳಿಗೆ ನಾಲ್ಕು ಲೇಖನ, ಎರಡು ಚಿಕ್ಕ ವಿಡಿಯೊ, ನಡುನಡುವೆ ವಾಟ್ಸ್ಆ್ಯಪ್ ಮತ್ತು ಫೇಸ್‌ಬುಕ್ಕಿಗೆ ಕೆಲವು ಪೋಸ್ಟ್ ಎಂದಿಟ್ಟುಕೊಳ್ಳೋಣ. ಒಂದು ಲೇಖನಕ್ಕೆ ಎಂಜಿನಿಯರ್ ಜೊತೆಗಿನ ಮಾತುಕತೆಯಿಂದ ಹಿಡಿದು ಪ್ರಕಟಿಸುವವರೆಗೆ 10 ಗಂಟೆ ಹಿಡಿಯುತ್ತದೆ ಎಂದಾದರೆ ನಾಲ್ಕಕ್ಕೆ 40. ವಿಡಿಯೊಗೂ ಚಿತ್ರೀಕರಣ, ಸಂಕಲನ ಸೇರಿ ಹತ್ತು ಹತ್ತರಂತೆ 20. ಪೋಸ್ಟ್‌ಗಳಿಗೆ 8, ಯೋಜನೆ ಮತ್ತು ಲೆಕ್ಕಕ್ಕೆ 7. ಒಟ್ಟು 75 ಗಂಟೆ. ತಿಂಗಳಿಗೆ 22 ದಿನ, ದಿನಕ್ಕೆ 8 ಗಂಟೆಯಂತೆ ಒಬ್ಬ ನೌಕರನ ಹಾಜರಿ 176 ಗಂಟೆ. ರಜೆ, ಸಭೆ, ಬಿಡುವು ಕಳೆದರೆ ಕೈಗೆ ಸಿಗುವುದು 130ರಷ್ಟು. ಅಂದರೆ ಈ ಘಟಕದ ಕಂಟೆಂಟ್ ಕೆಲಸ ಒಬ್ಬ ಮನುಷ್ಯನ ಅರ್ಧಕ್ಕಿಂತ ತುಸು ಹೆಚ್ಚು ದುಡಿಮೆ. ಯಾರನ್ನು ಕರೆಯಬೇಕೆಂದು ಯೋಚಿಸುವ ಮೊದಲೇ ಪ್ರತಿ ಸಂಸ್ಥೆಯೂ ತನ್ನ ಗಂಟೆಗಳನ್ನು ಹೀಗೆ ಕೂಡಿ ನೋಡಿದರೆ ಅರ್ಧ ಗೊಂದಲ ಅಲ್ಲೇ ಕರಗುತ್ತದೆ.

ಪೂರ್ಣಾವಧಿ ನೌಕರನ ದೊಡ್ಡ ಬಲ ಅವನು ಒಳಗೇ ಇರುತ್ತಾನೆ ಎಂಬುದು. ಡ್ರೈಯರ್ ಪರೀಕ್ಷೆ ನಡೆಯುವಾಗ ಪಕ್ಕದಲ್ಲಿ ನಿಲ್ಲಬಹುದು, ಮಾರಾಟದವರ ಫೋನ್ ಮಾತು ಕೇಳಿಸಿಕೊಳ್ಳಬಹುದು, ಯಂತ್ರ ಅಳವಡಿಸಲು ಹೋಗುವ ವಾಹನದಲ್ಲಿ ತಾನೂ ಹತ್ತಿ ಗಿರಾಕಿಯ ಮನೆಯಲ್ಲಿ ವಿಡಿಯೊ ಮಾಡಿಕೊಂಡು ಬರಬಹುದು. ಆರು ತಿಂಗಳಲ್ಲಿ ಅವನಿಗೆ ಉಂಡೆ ಕೊಬ್ಬರಿಯ ಕಥೆಯನ್ನು ಯಾರೂ ಹೇಳಿಕೊಡಬೇಕಾಗಿರುವುದಿಲ್ಲ. ಆದರೆ ಅವನ ವೆಚ್ಚ ಸಂಬಳಕ್ಕೆ ಮುಗಿಯುವುದಿಲ್ಲ. ಸಂಬಳ 35,000 ರೂಪಾಯಿ, ಅದರಲ್ಲಿ ಮೂಲವೇತನ 17,500 ಎಂದು ಹಿಡಿದರೆ, 15,000 ರೂಪಾಯಿ ಮಿತಿಯ ಮೇಲೆ ಮಾಲೀಕರ ಭವಿಷ್ಯನಿಧಿ ಪಾಲು ಇತರ ಶುಲ್ಕ ಸೇರಿ ಶೇ 13ರಂತೆ 1,950. ಗ್ರಾಚ್ಯುಟಿಗೆ ತೆಗೆದಿಡಬೇಕಾದ್ದು ಸುಮಾರು 840. ಲ್ಯಾಪ್‌ಟಾಪ್, ಸಾಫ್ಟ್‌ವೇರ್, ಫೋನ್ ವೆಚ್ಚ 3,700ರಷ್ಟು. ಒಟ್ಟು 41,500ರ ಹತ್ತಿರ ಬರುತ್ತದೆ. ಚೆನ್ನಾಗಿ ಬರೆಯುವವನಿಗೆ ವಿಡಿಯೊ ಸಂಕಲನವೂ ಬರಬೇಕೆಂದೇನಿಲ್ಲ. ಆಗ ಅದನ್ನು ಮತ್ತೆ ಹೊರಗೆ ಕೊಡಬೇಕು, ತಿಂಗಳಿಗೆ ಇನ್ನು 12,000 ಸೇರುತ್ತದೆ.

ಹಣಕ್ಕಿಂತ ಹೆಚ್ಚಿನ ಅಪಾಯ ಬೇರೆಯಿದೆ. 130 ಗಂಟೆಯ ಮನುಷ್ಯನಿಗೆ 75 ಗಂಟೆ ಕೆಲಸವಿದ್ದರೆ ಉಳಿದ ಹೊತ್ತು ಖಾಲಿ ಇರುವುದಿಲ್ಲ. ಟೆಂಡರ್ ಕಾಗದ, ಹಬ್ಬದ ಶುಭಾಶಯದ ಪೋಸ್ಟರ್, ಕೊಟೇಶನ್ ಟೈಪ್ ಮಾಡುವುದು, ಮೇಳದಲ್ಲಿ ಮಳಿಗೆ ನೋಡಿಕೊಳ್ಳುವುದು ಒಂದೊಂದಾಗಿ ಬಂದು ಅವನ ಮೇಜು ಸೇರುತ್ತವೆ. ಇವೆಲ್ಲ ತುರ್ತಿನವು, ಲೇಖನ ತುರ್ತಿನದಲ್ಲ, ಹಾಗಾಗಿ ಲೇಖನವೇ ಹಿಂದೆ ಬೀಳುತ್ತದೆ. ಹಾಗಾಗುತ್ತಿದೆಯೇ ಎಂದು ತಿಳಿಯಲು ಮೂರನೆಯ ತಿಂಗಳ ಕೊನೆಗೆ ಅವನ ಒಂದು ವಾರದ ಗಂಟೆಗಳನ್ನು ಬರೆಸಿ ನೋಡಿದರೆ ಸಾಕು. ಅರ್ಧಕ್ಕಿಂತ ಕಡಿಮೆ ಹೊತ್ತು ಕಂಟೆಂಟಿಗೆ ಹೋಗಿದ್ದರೆ ಅಲ್ಲಿರುವುದು ಕಚೇರಿ ಸಹಾಯಕನ ಹುದ್ದೆ, ಹೆಸರು ಮಾತ್ರ ಬೇರೆ. ಇನ್ನೊಂದು ಕೊರತೆಯೂ ಇದೆ. ಸಣ್ಣ ಸಂಸ್ಥೆಯಲ್ಲಿ ಅವನ ಬರವಣಿಗೆ ತಿದ್ದುವವರು ಯಾರೂ ಇರುವುದಿಲ್ಲ. ಕಲಿಯಲು ಹಿರಿಯರಿಲ್ಲದ ಚುರುಕು ಹುಡುಗರು ವರ್ಷ ಒಂದೂವರೆ ವರ್ಷದಲ್ಲಿ ಬೆಂಗಳೂರಿನ ದೊಡ್ಡ ಕಂಪನಿಗೆ ಹೊರಟರೆ ಅಚ್ಚರಿಪಡಬೇಕಾದ್ದಿಲ್ಲ.

ಫ್ರೀಲಾನ್ಸರ್ ವಿಷಯದಲ್ಲಿ ಸಂಸ್ಥೆ ಕೊಳ್ಳುವುದು ಮುಗಿದ ಕೆಲಸವನ್ನು. ಲೇಖನಕ್ಕೆ 4,000ದಂತೆ ನಾಲ್ಕಕ್ಕೆ 16,000, ವಿಡಿಯೊ ಮಾಡುವವರಿಗೆ 6,000ದಂತೆ ಎರಡಕ್ಕೆ 12,000 ಎಂದು ಹಿಡಿದರೆ 28,000 ಆಯಿತು. ಖಾಲಿ ಹೊತ್ತಿಗೆ ಸಂಬಳವಿಲ್ಲ, ಬೇಡವಾದ ತಿಂಗಳು ನಿಲ್ಲಿಸಬಹುದು. ಈ ಲೆಕ್ಕದಲ್ಲಿ ಕಾಣದೆ ಉಳಿಯುವುದು ಒಳಗಿನ ದುಡಿಮೆ. ವಿಷಯ ಆರಿಸುವುದು, ಎಂಜಿನಿಯರ್ ಸಮಯ ಗೊತ್ತುಮಾಡುವುದು, ಬಂದದ್ದನ್ನು ಪರಿಶೀಲಿಸಿ ವೆಬ್‌ಸೈಟಿಗೆ ಏರಿಸುವುದು, ಪೋಸ್ಟ್ ಹಾಕುವುದು ಇವೆಲ್ಲ ಸಂಸ್ಥೆಯ ತಲೆಗೇ ಬರುತ್ತವೆ. ಇದಕ್ಕೆ ತಿಂಗಳಿಗೆ 25 ಗಂಟೆ ಬೇಕು. ಈ ಹೊಣೆ ಒಬ್ಬರ ಹೆಸರಿಗೆ ಬರೆದುಕೊಡದಿದ್ದರೆ ಫ್ರೀಲಾನ್ಸರ್ ವ್ಯವಸ್ಥೆ ಎರಡೇ ತಿಂಗಳಲ್ಲಿ ಕುಸಿಯುತ್ತದೆ. ಎಷ್ಟೋ ಸಂಸ್ಥೆಗಳು ‘ಫ್ರೀಲಾನ್ಸರ್ ಸರಿಯಿಲ್ಲ’ ಎಂದು ದೂರುವ ಕಡೆ ನಿಜವಾಗಿ ಇಲ್ಲದಿರುವುದು ಒಳಗಿನ ಈ ಒಬ್ಬರು. ಉದಾಹರಣೆಯ ಘಟಕದಲ್ಲಿ ಫೋನ್ ಕರೆಗಳನ್ನು ನೋಡಿಕೊಳ್ಳುವ ಮಾರಾಟ ಸಹಾಯಕಿಗೆ ಈ ಹೊಣೆ ಸಲ್ಲುತ್ತದೆ, ಏಕೆಂದರೆ ಗಿರಾಕಿಗಳ ಪ್ರಶ್ನೆ ಮೊದಲು ಕೇಳುವುದು ಆಕೆಯ ಕಿವಿಗೆ. ಆಕೆಯ ಸಂಬಳ 22,000 ಇದ್ದರೆ 25 ಗಂಟೆಯ ಬೆಲೆ 3,125. ಅಲ್ಲಿಗೆ ಒಟ್ಟು ವೆಚ್ಚ 31,000 ದಾಟುತ್ತದೆ.

ಫ್ರೀಲಾನ್ಸರ್‌ನನ್ನು ಆರಿಸುವಾಗ ಹಳೆಯ ಲೇಖನಗಳನ್ನು ನೋಡುವುದು ಅರ್ಧ ಪರೀಕ್ಷೆ ಮಾತ್ರ, ಅವನ್ನು ಬೇರೊಬ್ಬ ಸಂಪಾದಕರು ತಿದ್ದಿರಬಹುದು. ಹಣ ಕೊಟ್ಟು ಒಂದು ಲೇಖನ ಬರೆಸುವುದು ಹೆಚ್ಚು ನಂಬಬಹುದಾದ ದಾರಿ. ‘ದಿನಕ್ಕೆ ಎರಡು ಸಾವಿರ ಕಾಯಿ ಬರುವ ಘಟಕಕ್ಕೆ ಎಂಥ ಡ್ರೈಯರ್ ಬೇಕು’ ಎಂಬಂಥ ವಿಷಯ ಕೊಟ್ಟು, ಎಂಜಿನಿಯರ್ ಜೊತೆ ಒಂದು ಗಂಟೆ ಕೂರಿಸಬೇಕು. ಆ ಗಂಟೆಯಲ್ಲಿ ಅವನು ಕೇಳುವ ಪ್ರಶ್ನೆಗಳೇ ಉತ್ತರ ಹೇಳುತ್ತವೆ. ಕಾಯಿ ಎಂದರೆ ಯಾವ ಗಾತ್ರದ್ದು, ಮಳೆಗಾಲದಲ್ಲಿ ಲೆಕ್ಕ ಬದಲಾಗುತ್ತದೆಯೇ, ಕರೆಂಟು ಹೋದರೆ ಒಳಗಿರುವ ಕೊಬ್ಬರಿ ಏನಾಗುತ್ತದೆ ಎಂದು ಕೇಳುವವನು ಕೆಲಸಕ್ಕೆ ಬರುತ್ತಾನೆ. ಬ್ರೋಷರ್ ಕಳಿಸಿ ಸಾಕು, ನಾನು ಬರೆದುಕೊಡುತ್ತೇನೆ ಎನ್ನುವವನಿಂದ ಬರುವುದು ಬ್ರೋಷರಿನ ಇನ್ನೊಂದು ಪ್ರತಿ.

ಏಜೆನ್ಸಿ ಕೊಡುವುದು ಹಲವು ಕೌಶಲಗಳ ಕೂಟ. ಬರಹಗಾರ, ವಿನ್ಯಾಸಕಾರ, ವಿಡಿಯೊ ಸಂಕಲನಕಾರ, ಜಾಹೀರಾತು ಖಾತೆ ನಡೆಸುವವರು ಎಲ್ಲ ಒಂದೇ ಕಡೆ ಸಿಗುತ್ತಾರೆ. ಒಬ್ಬರು ರಜೆ ಹಾಕಿದರೂ ಕೆಲಸ ನಿಲ್ಲುವುದಿಲ್ಲ. ತಿಂಗಳಿಗೆ 60,000ದ ರಿಟೈನರ್, ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ 70,800 ಎಂದುಕೊಳ್ಳೋಣ. ಸಾಮಾನ್ಯ ರೀತಿಯಲ್ಲಿ ಜಿಎಸ್‌ಟಿ ನೋಂದಣಿಯಿರುವ ಘಟಕಕ್ಕೆ ಆ 10,800 ರೂಪಾಯಿ ಹೂಡುವಳಿ ತೆರಿಗೆ ಜಮೆಯಾಗಿ ಮರಳುತ್ತದೆ. ರಾಜಿ ತೆರಿಗೆ, ಅಂದರೆ ಕಾಂಪೊಸಿಷನ್ ಪದ್ಧತಿಯಲ್ಲಿರುವವರಿಗೆ ಅದು ಪೂರ್ತಿ ಖರ್ಚು.

ಏಜೆನ್ಸಿಯ ಹಣದಲ್ಲಿ ಒಂದು ಪಾಲು ನಿರ್ವಹಣೆಗೆ ಹೋಗುತ್ತದೆ, ಅದು ತಪ್ಪಲ್ಲ. ತೊಂದರೆ ಆಗುವುದು ಮಾತು ದಾಟುವ ದಾರಿಯಲ್ಲಿ. ಎಂಜಿನಿಯರ್ ಹೇಳಿದ್ದು ಖಾತೆ ವ್ಯವಸ್ಥಾಪಕರಿಗೆ, ಅವರು ಬರೆದ ಟಿಪ್ಪಣಿ ಬರಹಗಾರನಿಗೆ. ಇಂಗ್ಲಿಷಿನಲ್ಲಿ ಬರೆದದ್ದು ಕನ್ನಡಕ್ಕೆ ತರ್ಜುಮೆಯಾಗಿ ಬರುವುದೂ ಉಂಟು. ಕೊಬ್ಬರಿಯ ಹೋಳು ಉಂಡೆಯಾಗುವುದು ಈ ದಾರಿಯಲ್ಲೇ. ಒಪ್ಪಂದದ ಮುನ್ನ ಬಂದು ಮಾತನಾಡಿದ ಅನುಭವಿ ಹಿರಿಯರು ಆಮೇಲೆ ಕಾಣಿಸದೆ, ಕೆಲಸ ಹೊಸಬರ ಕೈಗೆ ಹೋಗುವುದೂ ಇದೆ. ಆದ್ದರಿಂದ ಸಹಿ ಹಾಕುವ ಮುನ್ನವೇ ಬರೆಯುವ ವ್ಯಕ್ತಿಯನ್ನು ಭೇಟಿ ಮಾಡಿಸುವಂತೆ ಕೇಳಬೇಕು, ಅವರು ನೇರವಾಗಿ ಎಂಜಿನಿಯರ್ ಜೊತೆ ಮಾತನಾಡುತ್ತಾರೆಂದು ಒಪ್ಪಂದದಲ್ಲೇ ಬರೆಸಬೇಕು. ಇದಕ್ಕೆ ಒಪ್ಪದ ಏಜೆನ್ಸಿ ಈ ಬಗೆಯ ಘಟಕಕ್ಕೆ ಹೊಂದುವುದಿಲ್ಲ. ತಿಂಗಳ ವರದಿಯನ್ನೂ ಗಮನಿಸಬೇಕು. ಎಷ್ಟು ಜನರ ಪರದೆಯ ಮೇಲೆ ಪೋಸ್ಟ್ ಮೂಡಿತು, ಎಷ್ಟು ಲೈಕ್ ಬಂತು ಎಂಬ ಅಂಕಿಗಳಿಂದಲೇ ವರದಿ ತುಂಬಿದ್ದು, ಎಷ್ಟು ಫೋನ್ ಬಂತು ಎಂಬ ಸಾಲು ಇಲ್ಲದಿದ್ದರೆ ಕೆಲಸ ಗಿರಾಕಿಯನ್ನು ಮುಟ್ಟುತ್ತಿಲ್ಲ ಎಂದೇ ತಿಳಿಯಬೇಕು. ಫೋನ್ ಲೆಕ್ಕ ಇಡುವುದೇನೂ ಕಷ್ಟವಲ್ಲ. ವಿಚಾರಿಸಲು ಕರೆ ಮಾಡಿದ ಪ್ರತಿಯೊಬ್ಬರನ್ನೂ ‘ನಮ್ಮ ಬಗ್ಗೆ ಎಲ್ಲಿ ನೋಡಿದಿರಿ’ ಎಂದು ಕೇಳಿ ಒಂದು ಪುಸ್ತಕದಲ್ಲಿ ಬರೆದುಕೊಂಡರೆ ಸಾಕು.

ಏಜೆನ್ಸಿ ನಿಜವಾಗಿ ಬೆಲೆ ಬಾಳುವುದು ಹಲವು ಕೈಗಳು ಒಟ್ಟಿಗೆ, ಗಡುವಿನೊಳಗೆ ಬೇಕಾದಾಗ. ಹೊಸ ವೆಬ್‌ಸೈಟ್ ಕಟ್ಟುವುದು, ಕೃಷಿಮೇಳಕ್ಕೆ ಮುನ್ನ ಹೊಸ ಯಂತ್ರದ ಚಿತ್ರ, ವಿಡಿಯೊ, ಜಾಹೀರಾತು ಎಲ್ಲ ಎರಡು ತಿಂಗಳಲ್ಲಿ ಸಿದ್ಧವಾಗಬೇಕಾದದ್ದು ಅಂಥ ಕೆಲಸ. ಅದನ್ನು ತಿಂಗಳ ರಿಟೈನರ್ ಬದಲು ಒಂದು ಯೋಜನೆಯಾಗಿ, ನಿಗದಿತ ಮೊತ್ತಕ್ಕೆ ಕೊಡುವುದು ಸಣ್ಣ ಸಂಸ್ಥೆಗೆ ಲೇಸು.

ತುಮಕೂರಿನ ಘಟಕದ ತೀರ್ಮಾನ ಈ ಲೆಕ್ಕದಿಂದಲೇ ಹೊರಡುತ್ತದೆ. ತಜ್ಞತೆ ಒಳಗಿದೆ, ಕೆಲಸ ಒಬ್ಬರಿಗೆ ಸಾಲುವಷ್ಟಿಲ್ಲ, ಗಿರಾಕಿ ಕನ್ನಡದವನು. ಆದ್ದರಿಂದ ಮೊದಲು ಕೃಷಿ ವಿಷಯ ಬರೆದು ಅಭ್ಯಾಸವಿರುವ ಒಬ್ಬ ಕನ್ನಡ ಫ್ರೀಲಾನ್ಸರ್, ಒಬ್ಬ ವಿಡಿಯೊ ಕೆಲಸಗಾರ, ಒಳಗೆ ಮಾರಾಟ ಸಹಾಯಕಿ. ಎಂಜಿನಿಯರ್ ತಿಂಗಳಿಗೆ 12 ಗಂಟೆ ಬಿಟ್ಟುಕೊಡಬೇಕು, ಲೇಖನಕ್ಕೆ ಎರಡರಂತೆ 8, ವಿಡಿಯೊಗಳಿಗೆ 4. ಅದನ್ನು ಮಾಲೀಕರು ಮೊದಲೇ ಒಪ್ಪಿರಬೇಕು. ಈ ಹನ್ನೆರಡು ಗಂಟೆ ಸಿಗುವುದಿಲ್ಲವಾದರೆ ಮೂರರಲ್ಲಿ ಯಾವುದಕ್ಕೂ ಹಣ ಹಾಕದಿರುವುದೇ ಒಳ್ಳೆಯದು. ಫಲ ನೋಡಲು ಕಾಯಬೇಕಾದ ಕಾಲವನ್ನೂ ತಿಳಿದಿರಬೇಕು. ಹುಡುಕಾಟದ ಫಲಿತಾಂಶಕ್ಕಾಗಿ ಮಾಡುವ ಸುಧಾರಣೆಗಳ ಪ್ರಯೋಜನ ಕಾಣಲು ನಾಲ್ಕು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ ಎಂದು ಗೂಗಲ್ ಕಂಪನಿಯೇ ಹೇಳಿದೆ. ಮೂರನೆಯ ತಿಂಗಳಲ್ಲಿ ಫೋನ್ ಬರಲಿಲ್ಲವೆಂದು ಬರಹಗಾರನನ್ನು ಬದಲಿಸಿದರೆ ಪ್ರತಿ ಸಲವೂ ಮೊದಲಿನಿಂದ ಆರಂಭಿಸಿದಂತೆ. ಆ ಹಂತದಲ್ಲಿ ನೋಡಬೇಕಾದದ್ದು ಲೇಖನಗಳು ಹೇಳಿದ ದಿನಕ್ಕೆ ಬರುತ್ತಿವೆಯೇ, ಎಂಜಿನಿಯರ್ ತಿದ್ದುವ ತಪ್ಪುಗಳು ಕಡಿಮೆಯಾಗುತ್ತಿವೆಯೇ, ಮಾರಾಟದವರು ಗಿರಾಕಿಗೆ ಆ ಲೇಖನದ ಕೊಂಡಿಯನ್ನು ತಾವಾಗಿಯೇ ಕಳಿಸುತ್ತಿದ್ದಾರೆಯೇ ಎಂಬುದನ್ನು. ಈ ಕೊನೆಯದು ಬಹಳ ಒಳ್ಳೆಯ ಗುರುತು. ಕೇರಳ, ತಮಿಳುನಾಡಿನ ಗಿರಾಕಿಗಳಿಗೂ ಬರೆಯತೊಡಗಿ ಕೆಲಸ 120 ಗಂಟೆ ಮುಟ್ಟಿ ಕೆಲವು ತಿಂಗಳು ಅಲ್ಲೇ ನಿಂತರೆ, ಆಗ ಪೂರ್ಣಾವಧಿ ನೌಕರನ ಹುದ್ದೆ ತೆರೆಯಬಹುದು.

ಹೊರಗಿನವರಿಂದ ಬರೆಸುವಾಗ ಬಹಳ ಸಂಸ್ಥೆಗಳು ಗಮನಿಸದ ಒಂದು ಕಾನೂನಿನ ಅಂಶ ಹಕ್ಕುಸ್ವಾಮ್ಯ. 1957ರ ಕಾಯ್ದೆಯ 17ನೆಯ ಸೆಕ್ಷನ್ ಪ್ರಕಾರ ನೌಕರ ತನ್ನ ಉದ್ಯೋಗದ ಭಾಗವಾಗಿ ಬರೆದದ್ದರ ಮೊದಲ ಒಡೆತನ, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಲೀಕರದು. ಫ್ರೀಲಾನ್ಸರ್ ಬರೆದ ಲೇಖನದ ಒಡೆಯ ಫ್ರೀಲಾನ್ಸರನೇ, ಹಣ ಕೊಟ್ಟ ಮಾತ್ರಕ್ಕೆ ಅದು ಸಂಸ್ಥೆಯದಾಗುವುದಿಲ್ಲ. ಹಕ್ಕು ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಆಗಬೇಕು. ಅಲ್ಲೂ ಅವಧಿ ಬರೆಯದಿದ್ದರೆ ಐದು ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತ ಎಂದೂ 19ನೆಯ ಸೆಕ್ಷನ್ ಹಿಡಿಯುತ್ತದೆ. ಹಾಗಾಗಿ ಎಲ್ಲ ದೇಶಗಳಿಗೆ, ಹಕ್ಕುಸ್ವಾಮ್ಯದ ಪೂರ್ಣ ಅವಧಿಗೆ ಎಂಬ ಎರಡು ಮಾತು ಒಪ್ಪಂದದಲ್ಲಿ ಇರಲೇಬೇಕು. ಏಜೆನ್ಸಿಯ ವಿಷಯದಲ್ಲೂ ಇದೇ ನಿಯಮ. ಏಜೆನ್ಸಿ ತನ್ನ ಕೆಲಸವನ್ನು ಬೇರೆ ಫ್ರೀಲಾನ್ಸರ್‌ಗಳಿಗೆ ಹಂಚಿದ್ದರೆ, ಅವರಿಂದ ಹಕ್ಕು ಪಡೆದು ದಾಟಿಸುವ ಹೊಣೆ ಏಜೆನ್ಸಿಯದೇ ಎಂದು ಬರೆಸಬೇಕು.

ಹಣ ಪಾವತಿಯಲ್ಲೂ ಎರಡು ಸಂಗತಿಗಳಿವೆ. ವೃತ್ತಿಪರ ಶುಲ್ಕವಾಗಿ ಒಬ್ಬರಿಗೆ ವರ್ಷಕ್ಕೆ 50,000 ರೂಪಾಯಿ ಮೀರಿ ಕೊಟ್ಟರೆ, ಟಿಡಿಎಸ್ ಮುರಿಯುವ ಹೊಣೆಯಿರುವ ಸಂಸ್ಥೆ ಶೇ 10 ಹಿಡಿದು ಕಟ್ಟಬೇಕು. ಫ್ರೀಲಾನ್ಸರ್ ಉದ್ಯಮ್ ನೋಂದಣಿ ಮಾಡಿಸಿಕೊಂಡ ಕಿರು ಉದ್ಯಮಿಯಾಗಿದ್ದರೆ ಲಿಖಿತ ಒಪ್ಪಂದವಿದ್ದಲ್ಲಿ ಹೆಚ್ಚೆಂದರೆ 45 ದಿನ, ಇಲ್ಲದಿದ್ದಲ್ಲಿ 15 ದಿನದೊಳಗೆ ಹಣ ಸೇರಬೇಕು. ತಡವಾಗಿ, ಮುಂದಿನ ಆರ್ಥಿಕ ವರ್ಷದಲ್ಲಿ ಕೊಟ್ಟರೆ ಆ ಖರ್ಚನ್ನು ಹಿಂದಿನ ವರ್ಷದ ಆದಾಯದಿಂದ ಕಳೆಯಲು ಬರುವುದಿಲ್ಲ. ಇನ್ನೊಂದು ಎಚ್ಚರ, ಫ್ರೀಲಾನ್ಸರ್ ಎಂಬ ಹೆಸರಿಟ್ಟು ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಕಚೇರಿಯಲ್ಲೇ ಕೂರಿಸಿ, ರಜೆಗೂ ಅನುಮತಿ ಕೇಳಿಸಿಕೊಂಡರೆ, ವಿವಾದ ಬಂದಾಗ ಅವರು ನೌಕರರೆಂದು ಪರಿಗಣಿತರಾಗುವ ಸಂಭವ ಹೆಚ್ಚು.

ಕೊನೆಯದಾಗಿ ಖಾತೆಗಳು. ವೆಬ್‌ಸೈಟಿನ ಡೊಮೈನ್, ಗೂಗಲ್ ಸರ್ಚ್ ಕನ್ಸೋಲ್, ಗೂಗಲ್ ಅನಲಿಟಿಕ್ಸ್, ಯೂಟ್ಯೂಬ್ ಚಾನೆಲ್, ಫೇಸ್‌ಬುಕ್ ಪುಟ, ಜಾಹೀರಾತು ಖಾತೆ ಇವೆಲ್ಲ ಸಂಸ್ಥೆಯ ಹೆಸರಿನ ಇಮೇಲ್‌ನಿಂದ ತೆರೆದಿರಬೇಕು. ಕೆಲಸ ಮಾಡುವವರಿಗೆ ಪಾಸ್‌ವರ್ಡ್ ಕೊಡುವ ಅಗತ್ಯವಿಲ್ಲ, ಬಳಕೆದಾರರಾಗಿ ಸೇರಿಸಿದರಾಯಿತು, ಬೇಡವಾದ ದಿನ ತೆಗೆಯಬಹುದು. ಏಜೆನ್ಸಿ ತನ್ನ ಇಮೇಲ್‌ನಲ್ಲೇ ಎಲ್ಲ ತೆರೆದಿದ್ದರೆ ಬಿಟ್ಟುಬರುವಾಗ ವರ್ಷಗಳ ಅಂಕಿಅಂಶವೂ ಚಂದಾದಾರರೂ ಅಲ್ಲೇ ಉಳಿದುಬಿಡಬಹುದು. ಒಬ್ಬರಿಂದ ಇನ್ನೊಬ್ಬರಿಗೆ ಕೆಲಸ ದಾಟುವಾಗ, ಅದು ಫ್ರೀಲಾನ್ಸರಿಂದ ನೌಕರನಿಗಾದರೂ ಏಜೆನ್ಸಿಯಿಂದ ಫ್ರೀಲಾನ್ಸರ್‌ಗಾದರೂ, ಮುಗಿದ ಲೇಖನಗಳ ಜೊತೆಗೆ ಸಂದರ್ಶನದ ಧ್ವನಿಮುದ್ರಿಕೆ, ಸಂಕಲನ ಮಾಡದ ಮೂಲ ವಿಡಿಯೊ, ವಿನ್ಯಾಸದ ತೆರೆದ ಫೈಲು, ಇನ್ನೂ ಬರೆಯದ ವಿಷಯಗಳ ಪಟ್ಟಿ ಇವನ್ನೂ ಪಡೆದು ಸಂಸ್ಥೆಯದೇ ಡ್ರೈವ್‌ನಲ್ಲಿ ಇಡಬೇಕು. ಇಷ್ಟನ್ನೂ ಹಸ್ತಾಂತರಿಸಿದ ಮೇಲೆಯೇ ಕೊನೆಯ ಕಂತು ಎಂಬ ಷರತ್ತು ಮೊದಲ ದಿನದ ಒಪ್ಪಂದದಲ್ಲೇ ಸೇರಿರಬೇಕು.